‘ರ‍್ಯಾಂಪ್ ನಿರ್ಮಿಸಲಾಗಿದೆ’ ಎಂಬ ಹಿಂಬರಹ ಬಂದ ಮೇಲೆ ಮತ್ತೆ ದೂರು ಬರೆಯುವುದು ಹೇಗೆ?

ಪ್ರಶ್ನೆ: ನಾನು ಗಾಲಿಕುರ್ಚಿ ಬಳಸುತ್ತೇನೆ. ಮನೆಯ ಗೇಟಿನಿಂದ ಬಸ್ ತಂಗುದಾಣ 140 ಮೀಟರ್ ದೂರದಲ್ಲಿದೆ. 35ನೇ ಮೀಟರಿನಲ್ಲಿ ಎರಡು ಚಪ್ಪಡಿಗಳಿಲ್ಲ. 62ನೇ ಮೀಟರಿನಲ್ಲಿ ವಿದ್ಯುತ್ ಕಂಬಕ್ಕೂ ಕಾಂಪೌಂಡಿಗೂ ನಡುವೆ 58 ಸೆಂ.ಮೀ. ಮಾತ್ರ ಜಾಗವಿದೆ. 88ನೇ ಮೀಟರಿನಲ್ಲಿ ಒಂದು ಅಡ್ಡರಸ್ತೆ ಬರುತ್ತದೆ, ಅದರ ಎರಡೂ ಬದಿ ಫುಟ್‌ಪಾತ್ 24 ಸೆಂ.ಮೀ. ಎತ್ತರದಲ್ಲಿ ಕಡಿದು ನಿಲ್ಲುತ್ತದೆ. ತಂಗುದಾಣದ ಕಟ್ಟೆ ಫುಟ್‌ಪಾತಿಗಿಂತ ಇನ್ನೂ 15 ಸೆಂ.ಮೀ. ಎತ್ತರವಿದೆ. ‘ಫುಟ್‌ಪಾತ್ ಸರಿಯಿಲ್ಲ, ಬಸ್ ನಿಲ್ದಾಣಕ್ಕೆ ರ‍್ಯಾಂಪ್ ಹಾಕಿಸಿಕೊಡಿ’ ಎಂದು ಪೌರ ಕಚೇರಿಗೆ ಬರೆದೆ. ಅವರು ತಂಗುದಾಣದ ಎದುರು ಅಂಚುಗಲ್ಲಿಗೆ ಒತ್ತಿಕೊಂಡಂತೆ ರಸ್ತೆಯ ಮೇಲೆ 70 ಸೆಂ.ಮೀ. ಉದ್ದದ ಕಾಂಕ್ರೀಟ್ ಗುಡ್ಡೆಯೊಂದನ್ನು ಹಾಕಿ, ‘ರ‍್ಯಾಂಪ್ ನಿರ್ಮಿಸಲಾಗಿದೆ, ದೂರು ವಿಲೇ’ ಎಂದು ಹಿಂಬರಹ ಕೊಟ್ಟರು. ಅದನ್ನು ಹತ್ತಲು ಆಗುವುದಿಲ್ಲ. ಎರಡನೇ ಸಲ ಬರೆದಾಗ ತಂಗುದಾಣ ತಮ್ಮದಲ್ಲ ಎಂದರು. ಈಗ ಹೇಗೆ ಬರೆಯಲಿ?

ಉತ್ತರ: ಅಳತೆಗಳನ್ನು ತೆಗೆದುಕೊಂಡೇ ಪ್ರಶ್ನೆ ಕೇಳಿದ್ದೀರಿ, ಆದ್ದರಿಂದ ಅರ್ಧ ಕೆಲಸ ಮುಗಿದಂತಾಗಿದೆ. ಆದರೆ ಆ ಅಳತೆಗಳು ನನಗೆ ಬರೆದ ಪ್ರಶ್ನೆಯಲ್ಲಿವೆ, ಕಚೇರಿಗೆ ಕೊಟ್ಟ ದೂರಿನಲ್ಲಿ ಇರಲಿಲ್ಲ. ಮೊದಲ ದೂರು ಹಾದಿ ತಪ್ಪಿದ್ದು ಅಲ್ಲಿಯೇ.

ಪೌರ ಕಚೇರಿಯೊಂದರ ಎಂಜಿನಿಯರಿಂಗ್ ಶಾಖೆಯಲ್ಲಿ ಕೆಲವು ವರ್ಷ ದೂರಿನ ಕಡತಗಳನ್ನು ನೋಡಿದ ಅನುಭವದಿಂದ ಹೇಳುವುದಾದರೆ, ನಿಮ್ಮ ಪತ್ರ ಅಲ್ಲಿ ಹೀಗೆ ಸಾಗಿರುತ್ತದೆ. ಟಪಾಲು ವಿಭಾಗದಲ್ಲಿ ಮೊಹರು ಬಿದ್ದ ಪತ್ರ ವಾರ್ಡಿನ ಕಿರಿಯ ಎಂಜಿನಿಯರ್ ಕೈಗೆ ಬರುತ್ತದೆ. ಅವರು ಅದರಲ್ಲಿ ತಾವು ಮಾಡಿ ಮುಗಿಸಬಹುದಾದ ಒಂದು ನಾಮಪದವನ್ನು ಹುಡುಕುತ್ತಾರೆ. ‘ಫುಟ್‌ಪಾತ್ ಸರಿಯಿಲ್ಲ’ ಎಂಬುದರಿಂದ ಅಂದಾಜು ಪಟ್ಟಿ ತಯಾರಿಸಲು ಬರುವುದಿಲ್ಲ. ‘ಬಸ್ ನಿಲ್ದಾಣಕ್ಕೆ ರ‍್ಯಾಂಪ್’ ಎಂಬುದರಿಂದ ಬರುತ್ತದೆ. ಬೇರೆಲ್ಲೋ ಕೆಲಸ ಮಾಡುತ್ತಿರುವ ಮೇಸ್ತ್ರಿಗೆ ಉಳಿದ ಕಾಂಕ್ರೀಟನ್ನು ಇಲ್ಲಿ ಸುರಿಯಲು ಹೇಳಿದರೆ ಅದಕ್ಕೆ ಅಂದಾಜು ಪಟ್ಟಿಯೂ ಬೇಕಾಗುವುದಿಲ್ಲ. ನೀವು ರ‍್ಯಾಂಪ್ ಕೇಳಿದ್ದಿರಿ, ರ‍್ಯಾಂಪ್ ಬಂತು, ಅದರ ಛಾಯಾಚಿತ್ರ ಕಡತಕ್ಕೆ ಸೇರಿತು, ದೂರು ಮುಗಿಯಿತು. ಕಡತದ ದೃಷ್ಟಿಯಿಂದ ಯಾರೂ ಸುಳ್ಳು ಹೇಳಿಲ್ಲ. ಇದನ್ನು ಅವರ ಪರವಾಗಿ ಹೇಳುತ್ತಿಲ್ಲ. ಮೂರನೇ ಪತ್ರದ ಧಾಟಿ ಏನಿರಬೇಕೆಂಬುದು ಇದರಿಂದ ನಿರ್ಧಾರವಾಗುತ್ತದೆ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ.

ಈಗ ನಿಮ್ಮ ಅಳತೆಗಳನ್ನೇ ಲೆಕ್ಕಕ್ಕೆ ಹಚ್ಚೋಣ. ಗಾಲಿಕುರ್ಚಿಯವರು ತಾವೇ ಹತ್ತಬಲ್ಲ ಇಳಿಜಾರಿಗೆ ಹಲವು ದೇಶಗಳ ಮಾನದಂಡಗಳು ಒಪ್ಪಿರುವ ಗರಿಷ್ಠ ಮಿತಿ 1:12, ಅಂದರೆ ಪ್ರತಿ 1 ಸೆಂ.ಮೀ. ಎತ್ತರಕ್ಕೆ 12 ಸೆಂ.ಮೀ. ಉದ್ದ. ಕೋನದಲ್ಲಿ ಹೇಳುವುದಾದರೆ ಸುಮಾರು 4.8 ಡಿಗ್ರಿ. ನಿಮ್ಮ ಫುಟ್‌ಪಾತ್ 24 ಸೆಂ.ಮೀ. ಎತ್ತರವಿರುವುದರಿಂದ ರ‍್ಯಾಂಪ್ 288 ಸೆಂ.ಮೀ. ಉದ್ದವಿರಬೇಕಿತ್ತು. ಹಾಕಿರುವುದು 70 ಸೆಂ.ಮೀ., ಅಂದರೆ ಸರಿಸುಮಾರು 1:3, ಹತ್ತೊಂಬತ್ತು ಡಿಗ್ರಿಯ ಏರು. ಅದನ್ನು ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯಲು ಹೋದರೆ ಮುಂದಿನ ಸಣ್ಣ ಗಾಲಿ ರಸ್ತೆಗೆ ಕಚ್ಚಿ ಕುಳಿತವರು ಮುಂದಕ್ಕೆ ಬೀಳುತ್ತಾರೆ. ‘ಹತ್ತಲು ಆಗುವುದಿಲ್ಲ’ ಎಂದು ಬರೆದರೆ ಅದು ನಿಮ್ಮ ಶಕ್ತಿಯ ಮಾತಾಗಿ ಓದಿಸಿಕೊಳ್ಳುತ್ತದೆ. ‘24 ಸೆಂ.ಮೀ. ಎತ್ತರಕ್ಕೆ 70 ಸೆಂ.ಮೀ. ಉದ್ದ, ಬೇಕಾದದ್ದು 288’ ಎಂದು ಬರೆದರೆ ಅದು ಕಾಮಗಾರಿಯ ಮಾತಾಗುತ್ತದೆ, ಉತ್ತರವನ್ನೂ ಕಾಮಗಾರಿಯ ಭಾಷೆಯಲ್ಲಿಯೇ ಕೊಡಬೇಕಾಗುತ್ತದೆ.

ಆದರೆ ಇನ್ನೂ ಮುಖ್ಯವಾದ ಸಂಗತಿಯೊಂದಿದೆ, ಅದನ್ನು ನೀವೂ ಗಮನಿಸಿದಂತಿಲ್ಲ. ತಂಗುದಾಣದ ಎದುರಿನ ಆ ಜಾಗದಲ್ಲಿ ನಿಮಗೆ ರ‍್ಯಾಂಪ್ ಬೇಕಾಗಿಯೇ ಇಲ್ಲ. ಗೇಟಿನಿಂದ ಹೊರಟ ನೀವು ಫುಟ್‌ಪಾತಿನ ಮೇಲೆಯೇ ತಂಗುದಾಣ ತಲುಪುವುದಾದರೆ ಅಲ್ಲಿ ರಸ್ತೆಯಿಂದ ಮೇಲೇರುವ ಪ್ರಸಂಗವೇ ಬರುವುದಿಲ್ಲ. ಕಂಬ, ಚಪ್ಪಡಿ ಮತ್ತು ಅಡ್ಡರಸ್ತೆ ನಿಮ್ಮನ್ನು ರಸ್ತೆಗೆ ಇಳಿಸುತ್ತಿರುವುದರಿಂದ ಮಾತ್ರ ಕೊನೆಯಲ್ಲಿ ಹತ್ತುವ ಪ್ರಶ್ನೆ ಎದ್ದಿದೆ. ರ‍್ಯಾಂಪ್ ಬೇಕಾಗಿರುವುದು 88ನೇ ಮೀಟರಿನ ಅಡ್ಡರಸ್ತೆಯ ಎರಡು ಬದಿಗಳಲ್ಲಿ ಮತ್ತು ತಂಗುದಾಣದ ಕಟ್ಟೆಯ ಒಂದು ತುದಿಯಲ್ಲಿ, ಒಟ್ಟು ಮೂರು ಕಡೆ.

ತಂಗುದಾಣದ ಎದುರು ಅಂಚನ್ನು ತಗ್ಗಿಸುವುದು ಅನಾವಶ್ಯಕ ಮಾತ್ರವಲ್ಲ, ಹಾನಿಕರವೂ ಹೌದು. ತಗ್ಗು ನೆಲದ ಬಸ್ಸಿನ ಬಾಗಿಲಿನ ಮಟ್ಟ ರಸ್ತೆಯಿಂದ 38 ಸೆಂ.ಮೀ. ಇದೆ, ಅದರಿಂದ ಹೊರಕ್ಕೆ ಬಿಚ್ಚುವ ಹಲಗೆ 90 ಸೆಂ.ಮೀ. ಉದ್ದವಿದೆ ಎಂದಿಟ್ಟುಕೊಳ್ಳಿ. ಹಲಗೆಯ ತುದಿ 24 ಸೆಂ.ಮೀ. ಎತ್ತರದ ಫುಟ್‌ಪಾತಿನ ಮೇಲೆ ಕುಳಿತರೆ ಏರಬೇಕಾದದ್ದು 14 ಸೆಂ.ಮೀ., ಇಳಿಜಾರು ಸುಮಾರು 1:6. ಇದು ಕಡಿದಾದರೂ ಒಬ್ಬರ ಸಣ್ಣ ಆಸರೆಯಿಂದ ಸಾಧ್ಯ. ಅದೇ ಹಲಗೆ ರಸ್ತೆಯ ಮೇಲೆ ಕುಳಿತರೆ 38 ಸೆಂ.ಮೀ. ಪೂರ್ತಿ ಏರಬೇಕು, ಇಳಿಜಾರು 1:2ರ ಹತ್ತಿರಕ್ಕೆ ಬರುತ್ತದೆ, ಇಬ್ಬರು ಎತ್ತಿ ಹಿಡಿಯದೆ ದಾರಿಯಿಲ್ಲ. ಬಸ್ ಏರುವ ಜಾಗದಲ್ಲಿ ಫುಟ್‌ಪಾತಿನ ಎತ್ತರ ನಿಮ್ಮ ಮಿತ್ರ. ಈಗ ಹಾಕಿರುವ ಗುಡ್ಡೆಯಂತೂ ಬಸ್ಸನ್ನು ಅಂಚಿನಿಂದ 70 ಸೆಂ.ಮೀ.ಗಿಂತ ದೂರದಲ್ಲಿ ನಿಲ್ಲಿಸುತ್ತದೆ. ಹಲಗೆ ಬಿಚ್ಚಿದರೂ ಫುಟ್‌ಪಾತಿನ ಮೇಲೆ ಅದು ಭದ್ರವಾಗಿ ಕೂರುವುದಿಲ್ಲ. ಸಾಲದೆಂಬಂತೆ ಅಂಚುಗಲ್ಲಿನ ಗುಂಟ ಹರಿಯುವ ಮಳೆನೀರಿಗೆ ಅದು ಅಡ್ಡ ಕಟ್ಟೆಯಾಗಿದೆ. ಗುಡ್ಡೆಯ ಮೇಲ್ಬದಿಯಲ್ಲಿ ನೀರು ನಿಂತ ಕಲೆ ಕಾಣಿಸಿದರೆ ಅದರದ್ದೂ ಒಂದು ಛಾಯಾಚಿತ್ರ ತೆಗೆಯಿರಿ. ನೀರು ನಿಂತರೆ ರಸ್ತೆ ಕಿತ್ತುಹೋಗುತ್ತದೆ ಎಂಬುದು ಎಂಜಿನಿಯರಿಗೆ ನಿಮ್ಮ ಕಷ್ಟಕ್ಕಿಂತ ಬೇಗ ಅರ್ಥವಾಗುವ ವಿಷಯ.

ಆದ್ದರಿಂದ ಹೊಸ ಪತ್ರದಲ್ಲಿ ಕೇಳಬೇಕಾದದ್ದು ‘ರ‍್ಯಾಂಪ್’ ಅಲ್ಲ, ಗೇಟಿನಿಂದ ಬಸ್ಸಿನ ಬಾಗಿಲವರೆಗಿನ 140 ಮೀಟರ್ ಅಖಂಡ ದಾರಿ. ಆ ದಾರಿಯನ್ನು ಎಂಜಿನಿಯರುಗಳು ರಸ್ತೆಯನ್ನು ಅಳೆಯುವ ಹಾಗೆಯೇ, ಒಂದು ತುದಿಯನ್ನು ಸೊನ್ನೆ ಮಾಡಿಕೊಂಡು ಇಷ್ಟನೇ ಮೀಟರಿನಲ್ಲಿ ಇಂಥದ್ದು ಎಂದು ಬರೆಯಿರಿ. ನೀವು ಈಗಾಗಲೇ ಹಾಗೆ ಬರೆದಿದ್ದೀರಿ. ಅದಕ್ಕೆ ಸ್ಥಿರವಾದ ಗುರುತುಗಳನ್ನು ಸೇರಿಸಿ: ಕಂಬದ ಮೇಲೆ ಬರೆದಿರುವ ಸಂಖ್ಯೆ, ಎದುರಿನ ಕಟ್ಟಡದ ಸಂಖ್ಯೆ, ತಂಗುದಾಣದ ಹೆಸರು ಮತ್ತು ಅಲ್ಲಿ ನಿಲ್ಲುವ ಬಸ್ಸುಗಳು ಯಾವ ಕಡೆಗೆ ಹೋಗುತ್ತವೆ ಎಂಬುದು. ಈ ಕೊನೆಯದನ್ನು ಬಿಡಬೇಡಿ. ಒಂದೇ ಹೆಸರಿನ ಎರಡು ನಿಲ್ದಾಣಗಳು ರಸ್ತೆಯ ಎರಡು ಬದಿಗಿರುತ್ತವೆ. ಪರಿಶೀಲನೆಗೆ ಹೋದವರು ಎದುರು ಬದಿಯದನ್ನು ನೋಡಿ ‘ಸರಿಯಾಗಿಯೇ ಇದೆ’ ಎಂದು ಬರೆದ ಕಡತಗಳನ್ನು ನಾನು ಕಂಡಿದ್ದೇನೆ.

ಇಳಿಜಾರನ್ನು ಅಳೆಯಲು ಯಂತ್ರ ಬೇಡ. 120 ಸೆಂ.ಮೀ. ಉದ್ದದ ನೇರವಾದ ಪಟ್ಟಿಯೊಂದನ್ನು ಇಳಿಜಾರಿನ ಮೇಲೆ ಉದ್ದಕ್ಕೆ ಇಟ್ಟು, ಅದರ ಮೇಲೆ ಮೇಸ್ತ್ರಿಗಳು ಬಳಸುವ ರಸಮಟ್ಟವನ್ನಿಟ್ಟು, ಗುಳ್ಳೆ ಮಧ್ಯಕ್ಕೆ ಬರುವವರೆಗೆ ಪಟ್ಟಿಯ ಕೆಳತುದಿಯನ್ನು ಎತ್ತಬೇಕು. ಆಗ ಆ ತುದಿಗೂ ನೆಲಕ್ಕೂ ನಡುವೆ 10 ಸೆಂ.ಮೀ. ಅಂತರವಿದ್ದರೆ ಇಳಿಜಾರು ಸರಿಯಾಗಿ 1:12, ಹೆಚ್ಚಿದ್ದರೆ ಕಡಿದು. ಗುಡ್ಡೆ 70 ಸೆಂ.ಮೀ. ಮಾತ್ರ ಇರುವುದರಿಂದ ಅಲ್ಲಿ ಪಟ್ಟಿ ಕೂರುವುದಿಲ್ಲ, ಎತ್ತರ ಮತ್ತು ಉದ್ದ ಸಾಕು. ಛಾಯಾಚಿತ್ರದಲ್ಲಿ ಟೇಪು ಕಾಣಬೇಕು, ಅದರ ಅಂಕಿ ಓದಲು ಬರಬೇಕು, ಹಿನ್ನೆಲೆಯಲ್ಲಿ ಕಂಬವೋ ಕಟ್ಟಡವೋ ಇರಬೇಕು. ಪ್ರತಿ ಜಾಗಕ್ಕೆ ದೂರದಿಂದ ಒಂದು, ಹತ್ತಿರದಿಂದ ಒಂದು ಚಿತ್ರ ಸಾಕು. ನೀವು ಕುರ್ಚಿಯಲ್ಲಿ ಕುಳಿತು ಕಷ್ಟಪಡುತ್ತಿರುವ ಚಿತ್ರ ಹಾಕಬೇಕೆಂದು ಕೆಲವರು ಸಲಹೆ ಕೊಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕಂಬಕ್ಕೂ ಗೋಡೆಗೂ ನಡುವೆ ಖಾಲಿ ಕುರ್ಚಿ ಸಿಕ್ಕಿಕೊಂಡಿರುವ ಚಿತ್ರ ಅದಕ್ಕಿಂತ ಸ್ಪಷ್ಟವಾಗಿ ಮಾತನಾಡುತ್ತದೆ.

ಇನ್ನು ‘ತಂಗುದಾಣ ನಮ್ಮದಲ್ಲ’ ಎಂಬ ಉತ್ತರ. ಅದು ನಿಜವೂ ಇರಬಹುದು. ಫುಟ್‌ಪಾತ್ ಪೌರ ಕಚೇರಿಯದಾದರೂ ತಂಗುದಾಣ ಸಾರಿಗೆ ಸಂಸ್ಥೆಯದೋ, ಜಾಹೀರಾತಿನ ಹಕ್ಕು ಪಡೆದು ಅದನ್ನು ಕಟ್ಟಿ ನಿರ್ವಹಿಸುವ ಗುತ್ತಿಗೆದಾರರದೋ ಆಗಿರುತ್ತದೆ. ಕಂಬ ವಿದ್ಯುತ್ ಕಂಪನಿಯದು. ರಸ್ತೆ ದೊಡ್ಡದಿದ್ದರೆ ಅದು ಲೋಕೋಪಯೋಗಿ ಅಥವಾ ಹೆದ್ದಾರಿ ಇಲಾಖೆಯದೂ ಆಗಬಹುದು. ಇದನ್ನೆಲ್ಲ ನೀವು ಪತ್ತೆಹಚ್ಚಿ ನಾಲ್ಕು ಕಡೆ ನಾಲ್ಕು ಪತ್ರ ಬರೆದರೆ ನಾಲ್ಕು ಕಡೆಯೂ ‘ನಮ್ಮದಲ್ಲ’ ಎಂಬ ಭಾಗವಷ್ಟೇ ನಿಮಗೆ ಮರಳಿ ಬರುತ್ತದೆ. ಒಂದೇ ಪತ್ರವನ್ನು ಪೌರ ಕಚೇರಿಯ ಮುಖ್ಯಸ್ಥರ ಹೆಸರಿಗೆ ಬರೆದು, ಉಳಿದವರಿಗೆ ಅದರದ್ದೇ ಪ್ರತಿ ಕಳಿಸಿ, ಯಾವ ಕಂಡಿಕೆ ಯಾರಿಗೆ ಸಂಬಂಧಿಸಿದ್ದು ಎಂದು ಕೆಳಗೆ ನಮೂದಿಸಿ. ತಮ್ಮದಲ್ಲದ ಭಾಗವನ್ನು ಸಂಬಂಧಿಸಿದವರಿಗೆ ತಾವೇ ವರ್ಗಾಯಿಸಿ ತಿಳಿಸಬೇಕೆಂದು ಪತ್ರದಲ್ಲಿಯೇ ಕೋರಿ, ಎಲ್ಲರೂ ಸೇರಿದ ಜಂಟಿ ಸ್ಥಳ ಪರಿಶೀಲನೆಯನ್ನು ಕೇಳಿ. ಇಂಥ ಪ್ರಕರಣಗಳಲ್ಲಿ ನನ್ನ ಅನುಭವದಂತೆ ಕಡತವನ್ನು ನಿಜವಾಗಿ ಮುಂದಕ್ಕೆ ದೂಡುವುದು ಜಂಟಿ ಪರಿಶೀಲನೆಯೊಂದೇ, ಏಕೆಂದರೆ ಕಂಬದ ಮುಂದೆ ಮೂವರು ಅಧಿಕಾರಿಗಳು ಒಟ್ಟಿಗೆ ನಿಂತಾಗ ‘ಅವರದು’ ಎಂದು ಕೈ ತೋರಿಸಲು ಯಾರೂ ಉಳಿದಿರುವುದಿಲ್ಲ.

ಪತ್ರದ ಕರಡನ್ನು ನಿಮ್ಮ ಅಂಕಿಗಳನ್ನೇ ಹಾಕಿ ಬರೆದಿದ್ದೇನೆ. ಚುಕ್ಕಿಗಳಿರುವಲ್ಲಿ ನಿಮ್ಮ ವಿವರ ತುಂಬಿಕೊಳ್ಳಿ.

ಗೆ,
ಆಯುಕ್ತರು / ಮುಖ್ಯಾಧಿಕಾರಿಗಳು, ................

ಮಾನ್ಯರೇ,

ವಿಷಯ: ........ ರಸ್ತೆಯಲ್ಲಿ ಕಟ್ಟಡ ಸಂಖ್ಯೆ ....ರಿಂದ ........ ಕಡೆಗೆ ಹೋಗುವ ಬಸ್ಸುಗಳ ........ ತಂಗುದಾಣದವರೆಗಿನ 140 ಮೀಟರ್ ಪಾದಚಾರಿ ಮಾರ್ಗವನ್ನು ಗಾಲಿಕುರ್ಚಿ ಸಂಚಾರಕ್ಕೆ ಯೋಗ್ಯಗೊಳಿಸುವ ಬಗ್ಗೆ.

ಉಲ್ಲೇಖ: 1) ದಿನಾಂಕ ........ರ ನನ್ನ ದೂರು ಸಂಖ್ಯೆ ........ 2) ದಿನಾಂಕ ........ರ ತಮ್ಮ ಕಚೇರಿಯ ಹಿಂಬರಹ ಸಂಖ್ಯೆ ........ 3) ದಿನಾಂಕ ........ರ ನನ್ನ ಎರಡನೇ ದೂರು ಮತ್ತು ಅದಕ್ಕೆ ಬಂದ ಉತ್ತರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ನಾನು ಗಾಲಿಕುರ್ಚಿ ಬಳಸುವವಳಾಗಿದ್ದು, ಸದರಿ ಮಾರ್ಗದಲ್ಲಿ ದಿನವೂ ಬಸ್ಸಿಗೆ ಹೋಗಬೇಕಾಗಿದೆ. ಉಲ್ಲೇಖ 2ರಲ್ಲಿ ತಿಳಿಸಿರುವ ಕಾಮಗಾರಿ ನಡೆದಿರುವುದು ನಿಜ. ಆದರೆ ಕೆಳಗಿನ ಕಾರಣಗಳಿಂದ ದೂರಿನ ಉದ್ದೇಶ ಈಡೇರಿಲ್ಲವಾದ್ದರಿಂದ ಅದನ್ನು ಪುನಃ ತೆರೆದು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಅಳತೆಗಳನ್ನು ದಿನಾಂಕ ........ರಂದು, ಕಟ್ಟಡ ಸಂಖ್ಯೆ ....ರ ಗೇಟನ್ನು ಸೊನ್ನೆಯಾಗಿಟ್ಟುಕೊಂಡು ತೆಗೆದುಕೊಂಡಿದ್ದೇನೆ.

1. 35ನೇ ಮೀಟರಿನಲ್ಲಿ ಚರಂಡಿಯ ಮೇಲಿನ ಎರಡು ಚಪ್ಪಡಿಗಳಿಲ್ಲ (ಚಿತ್ರ 1, 2).

2. 62ನೇ ಮೀಟರಿನಲ್ಲಿ, ಸಂಖ್ಯೆ ....ರ ವಿದ್ಯುತ್ ಕಂಬ ಮತ್ತು ಕಾಂಪೌಂಡ್ ನಡುವೆ ಉಳಿದಿರುವ ಅಗಲ 58 ಸೆಂ.ಮೀ. ನನ್ನ ಕುರ್ಚಿಯ ಅಗಲ .... ಸೆಂ.ಮೀ. ಇಲ್ಲಿ ಕನಿಷ್ಠ 90 ಸೆಂ.ಮೀ. ಅಡೆತಡೆಯಿಲ್ಲದ ಅಗಲ ದೊರೆಯಬೇಕು (ಚಿತ್ರ 3, 4).

3. 88ನೇ ಮೀಟರಿನ ಅಡ್ಡರಸ್ತೆಯ ಎರಡೂ ಬದಿಗಳಲ್ಲಿ ಪಾದಚಾರಿ ಮಾರ್ಗ 24 ಸೆಂ.ಮೀ. ಎತ್ತರದಲ್ಲಿ ಕೊನೆಗೊಳ್ಳುತ್ತದೆ. 1:12 ಇಳಿಜಾರಿನಂತೆ ಪ್ರತಿ ಬದಿಯಲ್ಲೂ ಮಾರ್ಗದ ಕೊನೆಯ 288 ಸೆಂ.ಮೀ. ಉದ್ದವನ್ನು ರಸ್ತೆಯ ಮಟ್ಟಕ್ಕೆ, ಕೆಳತುದಿಯಲ್ಲಿ ಮೆಟ್ಟಿಲು ಉಳಿಯದಂತೆ, ಇಳಿಸಬೇಕಾಗಿದೆ. ದೃಷ್ಟಿ ಇಲ್ಲದವರಿಗೆ ಮಾರ್ಗದ ಕೊನೆ ತಿಳಿಯುವಂತೆ ಅಲ್ಲಿ ಉಬ್ಬುಚುಕ್ಕೆಯ ಎಚ್ಚರಿಕೆ ಹಾಸುಗಳನ್ನು ಹಾಕಬೇಕು (ಚಿತ್ರ 5, 6).

4. 140ನೇ ಮೀಟರಿನ ತಂಗುದಾಣದ ಕಟ್ಟೆ ಪಾದಚಾರಿ ಮಾರ್ಗಕ್ಕಿಂತ 15 ಸೆಂ.ಮೀ. ಎತ್ತರವಿದೆ. ಒಂದು ತುದಿಯಲ್ಲಿ, ಮಾರ್ಗದ ಉದ್ದಕ್ಕೆ, 180 ಸೆಂ.ಮೀ. ಉದ್ದದ ಇಳಿಜಾರು ಬೇಕಾಗಿದೆ. ಅದನ್ನು ಹತ್ತಿದ ಮೇಲೆ ಕುರ್ಚಿ ತಿರುಗಿಸಲು 150 ಸೆಂ.ಮೀ. ಉದ್ದಗಲದ ಸಮತಟ್ಟು ಜಾಗವಿರಬೇಕು (ಚಿತ್ರ 7).

5. ತಂಗುದಾಣದ ಎದುರು ರಸ್ತೆಯ ಮೇಲೆ ಹಾಕಿರುವ ಕಾಂಕ್ರೀಟ್ ಇಳಿಜಾರು 24 ಸೆಂ.ಮೀ. ಎತ್ತರಕ್ಕೆ 70 ಸೆಂ.ಮೀ. ಉದ್ದವಿದ್ದು, ಬಳಕೆಗೆ ಅಪಾಯಕಾರಿಯಾಗಿದೆ. ಇದರಿಂದ ಬಸ್ಸು ಅಂಚಿಗೆ ಬಂದು ನಿಲ್ಲಲಾಗುತ್ತಿಲ್ಲ, ಮಳೆನೀರು ತಡೆಯುತ್ತಿದೆ. ಇದನ್ನು ತೆಗೆದುಹಾಕಬೇಕು. ಬಸ್ ಏರುವ ಸ್ಥಳದಲ್ಲಿ ಅಂಚಿನ ಈಗಿನ ಎತ್ತರವನ್ನು ಹಾಗೆಯೇ ಉಳಿಸಬೇಕು (ಚಿತ್ರ 8, 9).

ಕಂಡಿಕೆ 1 ಮತ್ತು 5ರ ಕೆಲಸಗಳನ್ನು 7 ದಿನಗಳೊಳಗೆ ಮಾಡಿಸುವಂತೆಯೂ, ಕಂಡಿಕೆ 2, 3 ಮತ್ತು 4ರ ಬಗ್ಗೆ ಸಂಬಂಧಿಸಿದ ಎಲ್ಲ ಸಂಸ್ಥೆಗಳೊಂದಿಗೆ 30 ದಿನಗಳೊಳಗೆ ಜಂಟಿ ಸ್ಥಳ ಪರಿಶೀಲನೆ ನಡೆಸಿ, ಯಾವ ಕೆಲಸವನ್ನು ಯಾರು ಯಾವ ದಿನಾಂಕದೊಳಗೆ ಮಾಡುವರೆಂದು ಲಿಖಿತವಾಗಿ ತಿಳಿಸುವಂತೆಯೂ ಕೋರುತ್ತೇನೆ. ಪರಿಶೀಲನೆಯ ದಿನ ನನಗೆ ಮುಂಚಿತವಾಗಿ ತಿಳಿಸಿದಲ್ಲಿ ಹಾಜರಿರುತ್ತೇನೆ. ಯಾವುದೇ ಭಾಗ ತಮ್ಮ ವ್ಯಾಪ್ತಿಗೆ ಬಾರದಿದ್ದಲ್ಲಿ ಅದನ್ನು ಸಂಬಂಧಿಸಿದವರಿಗೆ ವರ್ಗಾಯಿಸಿ, ವರ್ಗಾವಣೆಯ ಪ್ರತಿಯನ್ನು ನನಗೆ ನೀಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ವಿಳಾಸ, ದಿನಾಂಕ)

ಅಡಕ: ಚಿತ್ರ 1ರಿಂದ 9, ಮಾರ್ಗದ ಕೈನಕ್ಷೆ, ಉಲ್ಲೇಖ 2ರ ಪ್ರತಿ.
ಪ್ರತಿ: ಸಾರಿಗೆ ಸಂಸ್ಥೆ (ಕಂಡಿಕೆ 4, 5), ವಿದ್ಯುತ್ ಕಂಪನಿ (ಕಂಡಿಕೆ 2).

ಈ ಕರಡಿನಲ್ಲಿ ಕೆಲವನ್ನು ಬೇಕೆಂದೇ ಹೀಗೆ ಬರೆದಿದ್ದೇನೆ. ಹಿಂಬರಹವನ್ನು ಸುಳ್ಳು ಎನ್ನದೆ ‘ಕಾಮಗಾರಿ ನಡೆದಿರುವುದು ನಿಜ, ಉದ್ದೇಶ ಈಡೇರಿಲ್ಲ’ ಎಂದಿರುವುದನ್ನು ನೋಡಿ ನಿಮಗೆ ಸಿಟ್ಟು ಬರಬಹುದು. ಆದರೆ ಹಿಂಬರಹ ಸುಳ್ಳು ಎಂದು ಬರೆದ ತಕ್ಷಣ ಅದು ಒಬ್ಬ ನೌಕರನ ಮೇಲಿನ ಆರೋಪವಾಗುತ್ತದೆ, ಮೇಲಿನವರು ಮೊದಲು ಆ ನೌಕರನಿಂದ ವಿವರಣೆ ಕೇಳುತ್ತಾರೆ, ಆತ ತನ್ನನ್ನು ಸಮರ್ಥಿಸಿಕೊಳ್ಳುತ್ತಾನೆ, ಫುಟ್‌ಪಾತ್ ಮಾತ್ರ ಇದ್ದ ಹಾಗೆಯೇ ಇರುತ್ತದೆ. ಹಳೆಯ ಕೆಲಸ ಸಾಲದು ಎಂದರೆ ಹೊಸ ಕೆಲಸಕ್ಕೆ ಟಿಪ್ಪಣಿ ಹಾಕುವುದು ಅವರಿಗೂ ಸುಲಭ.

ಕಂಬದ ವಿಷಯದಲ್ಲಿ ‘ಸ್ಥಳಾಂತರಿಸಿ’ ಎಂದು ಬರೆದಿಲ್ಲ, 90 ಸೆಂ.ಮೀ. ಅಗಲ ದೊರೆಯಬೇಕು ಎಂದಷ್ಟೇ ಬರೆದಿದ್ದೇನೆ. ಕಂಬ ಸರಿಸಲು ವಿದ್ಯುತ್ ಕಂಪನಿಯ ಅಂದಾಜು ಬೇಕು, ಅದಕ್ಕೆ ಪೌರ ಕಚೇರಿ ಹಣ ಕಟ್ಟಬೇಕು, ತಂತಿಗಳನ್ನು ಬದಲಿಸಲು ವಿದ್ಯುತ್ ನಿಲ್ಲಿಸಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅಷ್ಟೂ ಕಾಲ ನೀವು ಕಾಯುವ ಬದಲು, ಆ ಜಾಗದಲ್ಲಿ ಫುಟ್‌ಪಾತನ್ನು ರಸ್ತೆಯ ಕಡೆಗೆ ಮೂರು ನಾಲ್ಕು ಮೀಟರ್ ಉದ್ದಕ್ಕೆ ಉಬ್ಬಿಸಿ ಕಂಬವನ್ನು ಬಳಸಿ ಹೋಗುವಂತೆ ಮಾಡುವುದು ಸಾಧ್ಯವಾಗಬಹುದು. ಯಾವುದು ಸೂಕ್ತವೆಂದು ಅವರೇ ತೀರ್ಮಾನಿಸಲಿ. ನೀವು ಉಪಾಯವನ್ನೇ ಗಟ್ಟಿಯಾಗಿ ಹಿಡಿದರೆ ‘ಅದು ತಾಂತ್ರಿಕವಾಗಿ ಸಾಧ್ಯವಿಲ್ಲ’ ಎಂಬ ಒಂದೇ ಸಾಲಿನಲ್ಲಿ ಉತ್ತರ ಮುಗಿಯುತ್ತದೆ. ಹಾಗಾದರೆ 288 ಮತ್ತು 180 ಎಂದು ಬರೆದಿರುವುದೇಕೆ ಎಂದು ನೀವು ಕೇಳಬಹುದು. ಅದು ಉಪಾಯವಲ್ಲ, ಕೊನೆಯಲ್ಲಿ ಟೇಪು ಹಿಡಿದು ನೋಡಬಹುದಾದ ಪರೀಕ್ಷೆ. ಅಡ್ಡರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ ದಾಟುವ ಜಾಗ ಮಾಡುತ್ತೇವೆ ಎಂದರೆ ಸಂತೋಷದಿಂದ ಒಪ್ಪಿಕೊಳ್ಳಿ, ಆಗ ಅಲ್ಲಿ ರ‍್ಯಾಂಪೇ ಬೇಕಾಗುವುದಿಲ್ಲ, ವಾಹನಗಳೂ ನಿಧಾನವಾಗುತ್ತವೆ.

ವೈದ್ಯಕೀಯ ಪ್ರಮಾಣಪತ್ರವನ್ನೋ ಅಂಗವೈಕಲ್ಯದ ಗುರುತಿನ ಚೀಟಿಯನ್ನೋ ಅಡಕದಲ್ಲಿ ಸೇರಿಸಿಲ್ಲ, ನೀವೂ ಸೇರಿಸಬೇಡಿ. ಸಾರ್ವಜನಿಕ ದಾರಿ ನಡೆದಾಡಲು ಯೋಗ್ಯವಾಗಿರಬೇಕೆಂದು ಕೇಳಲು ದೂರುದಾರರ ದೇಹದ ದಾಖಲೆ ಬೇಕಿಲ್ಲ. ಮೇಲಾಗಿ ಅದನ್ನು ಲಗತ್ತಿಸಿದರೆ ಪ್ರಕರಣ ಎಂಜಿನಿಯರಿಂಗ್ ಶಾಖೆ ಬಿಟ್ಟು ಕಲ್ಯಾಣ ಶಾಖೆಗೆ ಹೋಗಿ, ನಿಮಗೊಂದು ಹೊಸ ಗಾಲಿಕುರ್ಚಿ ಮಂಜೂರು ಮಾಡುವ ಪ್ರಸ್ತಾವವಾಗಿ ಮಾರ್ಪಡುವ ಸಾಧ್ಯತೆಯೂ ಇದೆ.

ಕಾನೂನಿನ ಉಲ್ಲೇಖ ಬೇಕೇ ಎಂದರೆ, ಈ ಪತ್ರದಲ್ಲಿ ಒಂದು ವಾಕ್ಯ ಸಾಕು, ಅದೂ ಕೋರಿಕೆಯ ಕಂಡಿಕೆಗೆ ಮುಂಚೆ. ವಿಕಲಚೇತನರ ಹಕ್ಕುಗಳ ಕುರಿತು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ 9ನೇ ವಿಧಿ ರಸ್ತೆ, ಸಾರಿಗೆ ಮತ್ತು ಕಟ್ಟಡಗಳಲ್ಲಿನ ಅಡೆತಡೆಗಳನ್ನು ಗುರುತಿಸಿ ನಿವಾರಿಸುವ ಹೊಣೆಯನ್ನು ಸದಸ್ಯ ರಾಷ್ಟ್ರಗಳ ಮೇಲೆ ಹೊರಿಸುತ್ತದೆ. ಆದರೆ ವಾರ್ಡಿನ ಕಚೇರಿ ಕದಲುವುದು ತನ್ನ ದೇಶದ ಕಾನೂನಿನಿಂದ. ಭಾರತದಲ್ಲಿ ಅದು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ. ಅದರ 41ನೇ ಪ್ರಕರಣ ಬಸ್ ನಿಲ್ದಾಣಗಳಲ್ಲಿನ ಸೌಲಭ್ಯವನ್ನೂ ಸಂಚಾರಯೋಗ್ಯ ರಸ್ತೆಗಳನ್ನೂ ಹೆಸರಿಸಿಯೇ ಹೇಳುತ್ತದೆ. ಅದೇ ಅಧಿನಿಯಮದಡಿ ರಾಜ್ಯ ಮಟ್ಟದ ಆಯುಕ್ತರೊಬ್ಬರಿದ್ದು, ಕಚೇರಿ ಸ್ಪಂದಿಸದಿದ್ದರೆ ಅವರಿಗೆ ದೂರು ಸಲ್ಲಿಸಬಹುದು. ಈ ಪತ್ರದಲ್ಲಿಯೇ ಅವರ ಹೆಸರೆತ್ತಿ ಎಚ್ಚರಿಸುವುದು ಬೇಡ. ಅಲ್ಲಿಗೆ ಹೋಗುವ ಸಂದರ್ಭ ಬಂದರೆ ಇದೇ ಪತ್ರ ಮತ್ತು ಅದರ ಸ್ವೀಕೃತಿ ನಿಮ್ಮ ಮುಖ್ಯ ದಾಖಲೆಗಳಾಗುತ್ತವೆ, ಆಗ ಇದರಲ್ಲಿ ಬೆದರಿಕೆಯ ಮಾತು ಇಲ್ಲದಿರುವುದೇ ಒಳ್ಳೆಯದು.

ಪತ್ರವನ್ನು ಟಪಾಲು ವಿಭಾಗಕ್ಕೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಪಡೆಯಿರಿ. ಕಚೇರಿಯ ಮೆಟ್ಟಿಲೇ ನಿಮಗೆ ಅಡ್ಡಿಯಾದರೆ ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿ. ಆನ್‌ಲೈನ್ ದೂರಿನ ವ್ಯವಸ್ಥೆಯಿದ್ದರೆ ಅಲ್ಲಿಯೂ ಹಾಕಬಹುದು, ಆದರೆ ಅಂಥ ಕಡೆ ಒಂದು ದೂರಿಗೆ ಒಂದೇ ವರ್ಗ ಆಯ್ದುಕೊಳ್ಳಬೇಕಾಗುವುದರಿಂದ ಐದೂ ಕಂಡಿಕೆಗಳು ‘ಚಪ್ಪಡಿ ದುರಸ್ತಿ’ಯೊಳಗೆ ಕುಗ್ಗಿಹೋಗುತ್ತವೆ. ಚಪ್ಪಡಿ ಹಾಕಿದ ದಿನವೇ ದೂರು ಮುಚ್ಚಲ್ಪಡುತ್ತದೆ. ಹಾಗಾಗಿ ಅಲ್ಲಿ ಕಂಡಿಕೆ 1 ಮತ್ತು 5ನ್ನು ಎರಡು ಬೇರೆ ದೂರುಗಳಾಗಿ ಹಾಕಿ, ಪೂರ್ತಿ ಪತ್ರ ಕಾಗದದಲ್ಲಿಯೇ ಹೋಗಲಿ.

ಕೆಲಸಕ್ಕೆ ಜನ ಬಂದ ದಿನ ಸಾಧ್ಯವಾದರೆ ಸ್ಥಳದಲ್ಲಿರಿ. 288 ಸೆಂ.ಮೀ. ಎಂದು ಆದೇಶದಲ್ಲಿದ್ದರೂ ಮೇಸ್ತ್ರಿಯ ಕಣ್ಣಿಗೆ ಅದು ಅತಿ ಉದ್ದವಾಗಿ ಕಾಣುತ್ತದೆ, ‘ಇಷ್ಟು ಸಾಕಲ್ಲ ಮೇಡಂ’ ಎಂದು ಒಂದೂವರೆ ಮೀಟರಿಗೆ ಮುಗಿಸಲು ನೋಡುತ್ತಾರೆ. ಕಾಂಕ್ರೀಟ್ ಹಾಕುವ ಮುಂಚೆ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆಸಿ. ಕೆಳತುದಿ ರಸ್ತೆಗೆ ಸೇರುವ ಜಾಗದಲ್ಲಿ ಎರಡು ಸೆಂ.ಮೀ. ಮೆಟ್ಟಿಲು ಉಳಿಸುವ ಅಭ್ಯಾಸವಿದೆ, ಕುರ್ಚಿಯ ಮುಂದಿನ ಗಾಲಿಗೆ ಅಷ್ಟೇ ಸಾಕು ಸಿಕ್ಕಿಬೀಳಲು. ಕಾಂಕ್ರೀಟ್ ಹಸಿಯಿದ್ದಾಗ ಅದನ್ನು ಕರಣೆಯಲ್ಲಿ ಒಂದು ನಿಮಿಷದಲ್ಲಿ ಸವರಬಹುದು, ಗಟ್ಟಿಯಾದ ಮೇಲೆ ಮತ್ತೊಂದು ದೂರು ಬರೆಯಬೇಕು. ಮೇಲ್ಮೈಯನ್ನು ನಯವಾಗಿ ಉಜ್ಜದೆ ಕಡ್ಡಿಪೊರಕೆಯಿಂದ ಅಡ್ಡಡ್ಡ ಎಳೆಸಿ ತರಿಯಾಗಿ ಬಿಡಿಸಿ, ಮಳೆಯಲ್ಲಿ ಗಾಲಿ ಜಾರುವುದಿಲ್ಲ.

30 ದಿನ ಕಳೆದರೂ ಪರಿಶೀಲನೆಯ ದಿನಾಂಕ ಬರದಿದ್ದರೆ ಹೊಸ ದೂರು ಬರೆಯಬೇಡಿ, ಹೊಸ ಸಂಖ್ಯೆ ಬಂದರೆ ಹಳೆಯ ಕಡತ ಅನಾಥವಾಗುತ್ತದೆ. ಮೊಹರಿನ ಪ್ರತಿಯನ್ನು ಲಗತ್ತಿಸಿ, ಅದೇ ವಿಷಯ ಮತ್ತು ಅದೇ ಉಲ್ಲೇಖಗಳೊಂದಿಗೆ, ಯಾವ ಕಂಡಿಕೆಗಳ ಕೆಲಸ ಆಗಿದೆ ಯಾವುದರದ್ದು ಆಗಿಲ್ಲ ಎಂದು ನಾಲ್ಕು ಸಾಲಿನ ನೆನಪೋಲೆ ಕಳಿಸಿ.